ಕಟ್ಟಡದ ವಿಮಾ ಮೊತ್ತ: ಸೆಕ್ರೆಟರಿಯವರ ಒಂದು ಪತ್ರದ ಅರ್ಥವಿವರಣೆ

ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನಿಗೆ ಸೆಕ್ರೆಟರಿಯಾದವರು ಸದಸ್ಯರಿಗೆ ಬರೆಯಬೇಕಾಗಿ ಬರುವ ಪತ್ರಗಳಲ್ಲಿ ನೀರಿನ ಟ್ಯಾಂಕರಿನ ಖರ್ಚು, ಲಿಫ್ಟಿನ ದುರಸ್ತಿ, ಬಾಕಿ ಬಿದ್ದ ಮೇಂಟೆನೆನ್ಸ್ ಇವುಗಳನ್ನು ಕುರಿತವು ಓದಿದೊಡನೆ ಅರ್ಥವಾಗುವಂಥವು. ಏಕೆಂದರೆ ಅವುಗಳ ಹಿಂದಿರುವ ತೊಂದರೆಯನ್ನು ಸದಸ್ಯರು ಆಗಲೇ ಅನುಭವಿಸಿರುತ್ತಾರೆ. ಕಟ್ಟಡದ ವಿಮಾ ಮೊತ್ತವನ್ನು ಹೆಚ್ಚಿಸಲು ಒಪ್ಪಿಗೆ ಕೊಡಿರೆಂದು ಕೇಳುವ ಪತ್ರದ ಅವಸ್ಥೆ ಹಾಗಲ್ಲ. ಅದು ಇನ್ನೂ ಸಂಭವಿಸದ, ಪ್ರಾಯಶಃ ಎಂದೂ ಸಂಭವಿಸಲಾರದ ಹಾನಿಯೊಂದಕ್ಕಾಗಿ ಈಗಲೇ ಹಣವನ್ನು ಬೇಡುತ್ತದೆ. ಆದಕಾರಣ ವಾರ್ಷಿಕ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಅದು ಕೊನೆಯ ವಿಷಯವಾಗಿ, ಕಾಫಿ ಬರುವ ಹೊತ್ತಿಗೆ ಚರ್ಚೆಗೆ ಬಂದು, 'ಮುಂದಿನ ವರ್ಷ ನೋಡೋಣ' ಎಂಬ ಮಾತಿನಲ್ಲಿ ಮುಗಿದುಹೋಗುವುದೇ ಹೆಚ್ಚು.

ಕತ್ರಿಗುಪ್ಪೆಯಂಥ ಬಡಾವಣೆಯಲ್ಲಿ ಈ ವಿಷಯವು ಮುಂದೂಡತಕ್ಕದ್ದಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಇಲ್ಲಿಯ ಅಪಾರ್ಟ್‌ಮೆಂಟುಗಳಲ್ಲಿ ಬಹುಭಾಗ ನೂರಾರು ಮನೆಗಳ ಮಹಾಸಂಕೀರ್ಣಗಳಲ್ಲ. ಹಳೆಯ ನಿವೇಶನಗಳೆರಡನ್ನೋ ನಾಲ್ಕನ್ನೋ ಕೂಡಿಸಿ, ನೆಲಮಟ್ಟದಲ್ಲಿ ವಾಹನಗಳಿಗೆ ಎಡೆಮಾಡಿ, ಮೇಲೆ ನಾಲ್ಕು ಮಹಡಿಗಳನ್ನೆತ್ತಿ ಕಟ್ಟಿದ, ಇಪ್ಪತ್ತು ಮೂವತ್ತು ಸಂಸಾರಗಳು ವಾಸಿಸುವ ಕಟ್ಟಡಗಳು. ಇವುಗಳಿಗೆ ಸಂಬಳದ ಮ್ಯಾನೇಜರಿಲ್ಲ. ನಿವೃತ್ತರಾದ ಬ್ಯಾಂಕ್ ಅಧಿಕಾರಿಗಳೋ ಅಧ್ಯಾಪಕರೋ ಸೆಕ್ರೆಟರಿಯ ಭಾರವನ್ನು ಹೊತ್ತುಕೊಂಡಿರುತ್ತಾರೆ. ಹಿಂದಿನ ಸೆಕ್ರೆಟರಿ ಮಾಡಿಸಿದ ಪಾಲಿಸಿಯನ್ನು, ಅದರಲ್ಲಿ ನಮೂದಾದ ಅಂಕಿಯನ್ನು ಕದಲಿಸದೆ, ವರ್ಷ ವರ್ಷವೂ ನವೀಕರಿಸಿಕೊಂಡು ಬರುವುದು ಅಲ್ಲಿ ರೂಢಿ. ಪ್ರೀಮಿಯಂ ಹೆಚ್ಚಾಗಲಿಲ್ಲವೆಂಬುದೇ ಅಲ್ಲಿ ಸಮಾಧಾನಕ್ಕೆ ಕಾರಣವಾಗಿಬಿಡುತ್ತದೆ.

ಇಂಥ ಸಭೆಯಲ್ಲಿ ಎದ್ದುನಿಂತು ಕೇಳುವ ಹಿರಿಯರೊಬ್ಬರ ಪ್ರಶ್ನೆ ಬಹುಶಃ ಎಲ್ಲ ಕಟ್ಟಡಗಳಲ್ಲಿಯೂ ಒಂದೇ ಆಗಿರುತ್ತದೆ: "ಅಲ್ಲ ಸ್ವಾಮಿ, ಆರು ಕೋಟಿಗೆ ಇನ್ಶೂರೆನ್ಸ್ ಇದೆಯಲ್ಲ, ಇಡೀ ಬಿಲ್ಡಿಂಗು ಒಂದೇ ಸಲ ಸುಟ್ಟುಹೋಗೋದುಂಟೇ? ಏನೋ ಒಂದು ಹತ್ತು ಲಕ್ಷ, ಇಪ್ಪತ್ತು ಲಕ್ಷದ ನಷ್ಟ ಆದರೆ ಆರು ಕೋಟಿಯೊಳಗೆ ಅದು ಬರೋದಿಲ್ಲವೇ?" ಪ್ರಶ್ನೆ ನ್ಯಾಯವಾದದ್ದು, ಅದನ್ನು ಕೇಳಿದವರು ಲೆಕ್ಕವನ್ನು ಬಲ್ಲವರು. ಇಡೀ ಕಟ್ಟಡ ನಾಶವಾಗುವುದು ಅಪೂರ್ವವೆಂಬುದೂ ನಿಜ. 2021ರ ಸೆಪ್ಟೆಂಬರಿನಲ್ಲಿ ಬನ್ನೇರುಘಟ್ಟ ರಸ್ತೆಯ ಬಳಿಯ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟೊಂದರಲ್ಲಿ ಬೆಂಕಿ ಬಿದ್ದು ಇಬ್ಬರು ಮಹಿಳೆಯರು ತೀರಿಕೊಂಡ ಘೋರ ಪ್ರಸಂಗದಲ್ಲಿ ಕೂಡ ಸುಟ್ಟದ್ದು ಸಂಕೀರ್ಣದ ಒಂದು ಭಾಗವೇ ಹೊರತು ಸಮಸ್ತವೂ ಅಲ್ಲ. ಹಾಗಿದ್ದ ಮೇಲೆ ಸಮಸ್ತ ಕಟ್ಟಡದ ಬೆಲೆಗೆ ವಿಮೆ ಏತಕ್ಕೆ? ಸೆಕ್ರೆಟರಿಯವರ ಪತ್ರವು ಬೇರೇನನ್ನು ಹೇಳದಿದ್ದರೂ ಈ ಒಂದು ಪ್ರಶ್ನೆಗೆ ತೃಪ್ತಿಕರವಾದ ಉತ್ತರವನ್ನು ಹೇಳಲೇಬೇಕು.

ಉತ್ತರವು ಪಾಲಿಸಿಯ ಸಾಮಾನ್ಯ ಷರತ್ತುಗಳ ನಡುವೆ, ಬಹುಮಂದಿ ಓದದೆ ಬಿಡುವ ಒಂದು ವಾಕ್ಯದಲ್ಲಿದೆ. ಬೆಂಕಿವಿಮೆಯವರು ಅದನ್ನು ಆವರೇಜ್ ಕ್ಲಾಸ್ ಎನ್ನುತ್ತಾರೆ. ಅದರ ತಾತ್ಪರ್ಯವಿಷ್ಟು: ಹಾನಿ ಸಂಭವಿಸಿದ ಹೊತ್ತಿನಲ್ಲಿ ಸ್ವತ್ತಿನ ಬೆಲೆಯು ವಿಮಾ ಮೊತ್ತಕ್ಕಿಂತ ಅಧಿಕವಾಗಿದ್ದರೆ, ಆ ವ್ಯತ್ಯಾಸದ ಮಟ್ಟಿಗೆ ವಿಮೆ ಮಾಡಿಸಿದವನು ತನಗೆ ತಾನೇ ವಿಮಾದಾರನೆಂದು ಭಾವಿಸತಕ್ಕದ್ದು, ನಷ್ಟವು ಎಷ್ಟೇ ಸಣ್ಣದಾಗಿರಲಿ, ಅದರಲ್ಲಿ ಅದೇ ಅನುಪಾತದ ಪಾಲನ್ನು ಅವನೇ ಹೊರತಕ್ಕದ್ದು. ಅರ್ಧ ಬೆಲೆಗೆ ವಿಮೆ ಮಾಡಿಸಿದವನಿಗೆ ಇಡೀ ಕಟ್ಟಡ ಹೋದಾಗ ಅರ್ಧ ದೊರೆಯುತ್ತದೆಂಬುದು ಎಲ್ಲರೂ ಊಹಿಸಬಲ್ಲ ಸಂಗತಿ. ಒಂದು ಗೋಡೆ ಹೋದಾಗಲೂ ಆ ಗೋಡೆಯ ಅರ್ಧ ಮಾತ್ರ ದೊರೆಯುತ್ತದೆಂಬುದು ಊಹೆಗೆ ನಿಲುಕದ ಸಂಗತಿ. ಆರು ಕೋಟಿಯೆಂಬುದು ನಷ್ಟವನ್ನು ತುಂಬಿಕೊಡಲು ಇಟ್ಟ ನಿಧಿಯೆಂದು ಸದಸ್ಯರು ಭಾವಿಸಿರುತ್ತಾರೆ. ಪಾಲಿಸಿಯು ಅದನ್ನು ಒಂದು ಅನುಪಾತದ ಅಂಶವೆಂದು ಮೊದಲು ಎಣಿಸಿ, ಆಮೇಲೆ ಗರಿಷ್ಠ ಮಿತಿಯೆಂದು ಎಣಿಸುತ್ತದೆ.

ವಿಮಾ ಕಂಪನಿ ಹೀಗೆ ಮಾಡುವುದರಲ್ಲಿ ಅನ್ಯಾಯವಿದೆಯೆಂದು ನನಗೆ ತೋರುವುದಿಲ್ಲ. ಸಾವಿರ ರೂಪಾಯಿಗೆ ಇಷ್ಟು ಪೈಸೆಯೆಂದು ಗೊತ್ತುಮಾಡುವ ದರವು, ಎಲ್ಲ ಕಟ್ಟಡಗಳೂ ಪೂರ್ಣ ಬೆಲೆಗೆ ಪ್ರೀಮಿಯಂ ಕಟ್ಟುತ್ತವೆಂಬ ಆಧಾರದ ಮೇಲೆ ನಿಂತಿದೆ. ಭಾಗಶಃ ನಷ್ಟಗಳೇ ಅಧಿಕವಾಗಿ ಸಂಭವಿಸುವ ಲೋಕದಲ್ಲಿ, ಅರ್ಧ ಬೆಲೆಗೆ ಪ್ರೀಮಿಯಂ ಕಟ್ಟಿದವರಿಗೂ ಪೂರ್ಣ ಬೆಲೆಗೆ ಕಟ್ಟಿದವರಿಗೂ ಸಮಾನ ಪರಿಹಾರ ದೊರೆಯುವಂತಾದರೆ ಪೂರ್ಣ ಬೆಲೆಯನ್ನು ಘೋಷಿಸುವವರು ಯಾರೂ ಉಳಿಯಲಾರರು.

ವಿಷಯವನ್ನು ಅಂಕಿಗಳಲ್ಲಿ ನೋಡುವುದಕ್ಕಾಗಿ ಕತ್ರಿಗುಪ್ಪೆಯ ಯಾವುದಾದರೂ ಅಡ್ಡರಸ್ತೆಯಲ್ಲಿ ಮೂವತ್ತೆರಡು ಮನೆಗಳ ಒಂದು ಕಟ್ಟಡವಿದೆಯೆಂದು ಕಲ್ಪಿಸಿಕೊಳ್ಳೋಣ. ಇಲ್ಲಿ ಕೊಡುವ ದರಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ಮನೆಗಳು, ಮೆಟ್ಟಿಲು, ಮೊಗಸಾಲೆಗಳು ಕೂಡಿ 40,000 ಚದರ ಅಡಿ. ಕೆಳಗಿನ ವಾಹನ ನಿಲುಗಡೆ 10,000 ಚದರ ಅಡಿ. 2014ರಲ್ಲಿ ಅಂದಿನ ಸಮಿತಿಯು ಚದರ ಅಡಿಗೆ 1,500 ರೂಪಾಯಿಯಂತೆ 40,000 ಅಡಿಗೆ ಲೆಕ್ಕಹಾಕಿ ಆರು ಕೋಟಿಗೆ ಪಾಲಿಸಿ ಮಾಡಿಸಿತು. ವಾಹನ ನಿಲುಗಡೆಯನ್ನಾಗಲಿ, ಲಿಫ್ಟು, ಜನರೇಟರು, ಸಂಪು, ಕಾಂಪೌಂಡುಗಳನ್ನಾಗಲಿ ಅದು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇಂದು ಎಂಜಿನಿಯರರೊಬ್ಬರನ್ನು ಕರೆಸಿ ಅಳತೆ ಮಾಡಿಸಿದರೆ ಅವರು ಮನೆಗಳ ಭಾಗಕ್ಕೆ ಚದರ ಅಡಿಗೆ 2,400 ರೂಪಾಯಿಯಂತೆ 9.60 ಕೋಟಿ, ನಿಲುಗಡೆಯ ಭಾಗಕ್ಕೆ 1,200 ರೂಪಾಯಿಯಂತೆ 1.20 ಕೋಟಿ, ಯಂತ್ರಗಳು, ವಿದ್ಯುತ್ ಫಲಕಗಳು, ನೀರಿನ ತೊಟ್ಟಿಗಳು, ಆವರಣದ ಗೋಡೆ ಇವುಗಳಿಗೆ 80 ಲಕ್ಷ, ಭಗ್ನಾವಶೇಷವನ್ನು ತೆರವುಮಾಡುವ ಹಾಗೂ ನಕ್ಷೆ, ಮೇಲ್ವಿಚಾರಣೆಗಳ ವೆಚ್ಚದಲ್ಲಿ ಪಾಲಿಸಿ ತಾನಾಗಿ ಕೊಡುವ ಅಲ್ಪ ಭಾಗಕ್ಕೆ ಮೀರಿದ್ದು 40 ಲಕ್ಷ, ಅಂತೂ 12 ಕೋಟಿ ಎಂದು ಬರೆದುಕೊಡುತ್ತಾರೆ.

ಇನ್ನು ಒಂದು ರಾತ್ರಿ ನೆಲಮಟ್ಟದ ಮೀಟರ್ ಬೋರ್ಡಿನಲ್ಲಿ ಕಿಡಿ ಹೊತ್ತಿಕೊಂಡಿತೆನ್ನಿ. ಕೇಬಲ್ಲುಗಳು ಮೇಲ್ಮಹಡಿಗಳವರೆಗೆ ಉರಿದು, ಮೆಟ್ಟಿಲ ಓಣಿಯ ಗಾರೆಯು ಬಿರಿದು, ಲಿಫ್ಟಿನ ತಂತಿಜಾಲ ಕರಗಿ, ಹೊಗೆಯಿಂದ ನಾಲ್ಕು ಮಹಡಿಗಳ ಗೋಡೆ ಕಪ್ಪಾಗಿ, ದುರಸ್ತಿಗೆ 18 ಲಕ್ಷ ರೂಪಾಯಿ ಬೇಕಾಯಿತು. ಕಂಪನಿಯಿಂದ ಬಂದ ಪರವಾನಗಿಯುಳ್ಳ ಸರ್ವೇಯರು ಸುಟ್ಟ ಭಾಗವನ್ನಷ್ಟೇ ಅಳೆದು ಹಿಂತಿರುಗುವುದಿಲ್ಲ. ಮಂಜೂರಾದ ನಕ್ಷೆಯನ್ನು ಕೇಳುತ್ತಾರೆ, ಒಟ್ಟು ವಿಸ್ತೀರ್ಣವನ್ನು ಎಣಿಸುತ್ತಾರೆ, ಇಂದಿನ ಕಟ್ಟೋಣದ ದರದಿಂದ ಗುಣಿಸುತ್ತಾರೆ. ಅವರ ಕಾಗದದ ಮೇಲೆ 12 ಕೋಟಿಯೆಂಬ ಅಂಕಿ ಮೂಡಿದ ಕ್ಷಣದಲ್ಲಿ, ಪಾಲಿಸಿಯ ಆರು ಕೋಟಿಯನ್ನು ಅದರಿಂದ ಭಾಗಿಸಿ, ಬಂದ ಅರ್ಧವನ್ನು ನಷ್ಟಕ್ಕೆ ಅನ್ವಯಿಸಿದರೆ, ಒಪ್ಪಿಗೆಯಾಗುವುದು 9 ಲಕ್ಷ. ಮಿಕ್ಕ 9 ಲಕ್ಷವನ್ನು ಮೂವತ್ತೆರಡು ಮನೆಗಳು ಹೊರಬೇಕು. ಸರಾಸರಿ ಮನೆಗೆ 28,125 ರೂಪಾಯಿ. ಪಾಲಿಸಿಯ ಪ್ರಕಾರ ಪ್ರತಿ ಕ್ಲೇಮಿನಿಂದ ಕಳೆಯುವ ನಿಗದಿತ ಕಡಿತವು ಇದಲ್ಲದೆ ಬೇರೆ. ಹಿರಿಯರು ಕೇಳಿದ ಪ್ರಶ್ನೆಗೆ ಇದೇ ಉತ್ತರ: ಇಡೀ ಕಟ್ಟಡ ಸುಡಬೇಕಾಗಿಲ್ಲ, ಮೆಟ್ಟಿಲ ಕೆಳಗಿನ ಒಂದು ಬೋರ್ಡು ಸುಟ್ಟರೂ ಕೊರತೆಯು ತನ್ನ ಪಾಲನ್ನು ವಸೂಲುಮಾಡುತ್ತದೆ.

ಈ ಷರತ್ತಿನ ಕಾಠಿನ್ಯವನ್ನು ಇಳಿಸುವ ಏರ್ಪಾಡುಗಳು ಈಚಿನ ವರ್ಷಗಳಲ್ಲಿ ಬಂದಿವೆಯಾದ್ದರಿಂದ, ಪತ್ರ ಬರೆಯುವ ಮುನ್ನ ಸೆಕ್ರೆಟರಿಯವರು ತಮ್ಮ ಕೈಯಲ್ಲಿರುವ ಪಾಲಿಸಿ ಯಾವ ಬಗೆಯದೆಂಬುದನ್ನು ಮೊದಲ ಪುಟದಲ್ಲಿ ನೋಡಿಕೊಳ್ಳಬೇಕು. ವಿಮಾ ನಿಯಂತ್ರಣ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ ಎಲ್ಲ ಕಂಪನಿಗಳೂ ಒಂದೇ ಪಾಠದಲ್ಲಿ ಮಾರತಕ್ಕ ಪಾಲಿಸಿಗಳನ್ನು ಜಾರಿಗೆ ತಂದಿತು. ಅವುಗಳಲ್ಲಿ ವಾಸದ ಮನೆಗಳಿಗಾಗಿ ಇರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ, ಕಾರ್ಪೆಟ್ ಏರಿಯಾವನ್ನೂ ಕಟ್ಟೋಣದ ದರವನ್ನೂ ಯಥಾರ್ಥವಾಗಿ ಘೋಷಿಸಿದ್ದರೆ, ಕೊರತೆಯ ಕಡಿತವನ್ನು ಮನ್ನಾ ಮಾಡಿದ್ದಾರೆ. ಐದು ಕೋಟಿಗೆ ಮೇಲ್ಪಟ್ಟು ಐವತ್ತು ಕೋಟಿಯವರೆಗಿನ ಸ್ವತ್ತುಗಳಿಗಾಗಿ ಇರುವ ಭಾರತ್ ಲಘು ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ನೂರಕ್ಕೆ 15ರವರೆಗಿನ ಕೊರತೆಯನ್ನು ಮಾತ್ರ ಕ್ಷಮಿಸುತ್ತಾರೆ. ಹಳೆಯ ಬೆಂಕಿ ಪಾಲಿಸಿಯ ಮಾದರಿಯನ್ನೇ ನವೀಕರಿಸಿಕೊಂಡು ಬಂದಿದ್ದರೆ, ಪ್ರತ್ಯೇಕವಾಗಿ ಬರೆಸಿಕೊಂಡಿದ್ದ ಹೊರತು ಯಾವ ಕ್ಷಮೆಯೂ ಇಲ್ಲ.

ನೂರಕ್ಕೆ 15ರ ಕ್ಷಮೆಯನ್ನು ಕುರಿತು ಒಂದು ತಪ್ಪು ತಿಳಿವಳಿಕೆ ಹರಡಿದೆ. ಅದನ್ನು ಪತ್ರದಲ್ಲಿಯೇ ಪರಿಹರಿಸುವುದು ಮೇಲು. ಅದು ಕೊರತೆಯಿಂದ ಹದಿನೈದನ್ನು ಕಳೆದು ಮಿಕ್ಕದ್ದಕ್ಕೆ ಕಡಿತಹಾಕುವ ರಿಯಾಯಿತಿಯಲ್ಲ, ದಾಟಬಾರದ ಗೆರೆ. ನಮ್ಮ ನಿದರ್ಶನದ ಕಟ್ಟಡಕ್ಕೆ 10.20 ಕೋಟಿಯ ವಿಮೆಯಿದ್ದರೆ ಕೊರತೆಯು ಸರಿಯಾಗಿ ಹದಿನೈದು. 18 ಲಕ್ಷವೂ ಒಪ್ಪಿಗೆಯಾಗುತ್ತದೆ. 'ಏಕೆ ಅಷ್ಟು, ಸದ್ಯಕ್ಕೆ ಒಂಬತ್ತು ಕೋಟಿ ಸಾಕು' ಎಂದು ಸಭೆಯು ರಾಜಿ ಮಾಡಿಕೊಂಡರೆ ಕೊರತೆಯು ಇಪ್ಪತ್ತೈದಾಗಿ ಗೆರೆ ದಾಟಿತು. ಆಗ ಹದಿನೈದನ್ನೂ ಸೇರಿಸಿ ಪೂರ್ತಿ ಇಪ್ಪತ್ತೈದರ ಕಡಿತ ಬೀಳುತ್ತದೆ, ದೊರೆಯುವುದು 13.50 ಲಕ್ಷ. ಸಭೆಗಳಲ್ಲಿ ಅರ್ಧದಾರಿಯ ಒಪ್ಪಂದಗಳು ಸಹಜವೂ ಅನೇಕ ವೇಳೆ ಶ್ಲಾಘ್ಯವೂ ಆದರೂ, ಈ ವಿಷಯದಲ್ಲಿ ಅವು ಸಲ್ಲವು.

ಗೃಹ ರಕ್ಷಾ ಪಾಲಿಸಿಯಿದ್ದರೆ ಮೊತ್ತದ ಚಿಂತೆಯೇ ಬೇಡವೇ ಎಂದರೆ, ಹಾಗೂ ಇಲ್ಲ. ಅಲ್ಲಿ ಮನ್ನಾ ದೊರೆಯುವುದು ಘೋಷಣೆಯು ನಿಜವಾಗಿರುವವರೆಗೆ. ಹತ್ತು ವರ್ಷದ ಹಿಂದಿನ ದರವನ್ನು ಇಂದಿನದೆಂದು ಘೋಷಿಸುವುದು ನಿಜವಾದ ಘೋಷಣೆಯಲ್ಲ. ಅದರ ಮೇಲೆ, ಲೆಕ್ಕವು ಕಾರ್ಪೆಟ್ ಏರಿಯಾದ ಮೇಲೆ ನಿಂತಿರುವುದರಿಂದ, ಮನೆಗಳ ಒಳಗಿಲ್ಲದ ಮೆಟ್ಟಿಲು, ನಿಲುಗಡೆ, ಆವರಣದ ಗೋಡೆ, ನೀರಿನ ತೊಟ್ಟಿ, ಸೌರಫಲಕ ಮೊದಲಾದವುಗಳ ಬೆಲೆಯನ್ನು ಬೇರೆಯಾಗಿ ಸೇರಿಸದಿದ್ದರೆ, ಅಸೋಸಿಯೇಷನ್ನಿನ ನೇರವಾದ ಹೊಣೆಯಲ್ಲಿರುವ ಭಾಗಗಳೇ ಹೊರಗುಳಿದುಹೋಗುವ ವಿಪರೀತವೊದಗುತ್ತದೆ.

ಮೊತ್ತವನ್ನು ನಿಶ್ಚಯಿಸುವಾಗ ಸದಸ್ಯರ ಮನಸ್ಸಿನಲ್ಲಿ ಎರಡು ತಪ್ಪು ಬೆಲೆಗಳು ಸುಳಿಯುತ್ತವೆ. ಮೊದಲನೆಯದು ಮಾರಾಟದ ಬೆಲೆ. ಕತ್ರಿಗುಪ್ಪೆಯಿರುವ ಬನಶಂಕರಿ ಮೂರನೇ ಹಂತದಲ್ಲಿ ಮನೆಯ ಬೆಲೆಯ ಬಹುಭಾಗ ನೆಲದ್ದು. ಕಟ್ಟಡ ಉರಿದರೂ ನೆಲ ಉಳಿಯುತ್ತದೆ. ಆದ್ದರಿಂದ ನೆಲಕ್ಕೆ ವಿಮೆಯಿಲ್ಲ. ನೋಂದಣಿಗಾಗಿ ಸರ್ಕಾರ ಗೊತ್ತುಮಾಡಿರುವ ಮಾರ್ಗಸೂಚಿ ದರವೂ ಇದೇ ಕಾರಣಕ್ಕೆ ಇಲ್ಲಿ ಅಪ್ರಸ್ತುತ. ಎರಡನೆಯದು ಸವಕಳಿ ಕಳೆದ ಬೆಲೆ. 'ನಮ್ಮದು ಇಪ್ಪತ್ತು ವರ್ಷದ ಕಟ್ಟಡ, ಅದರ ಈಗಿನ ಬೆಲೆ ಆರೇ ಕೋಟಿ' ಎಂಬ ವಾದವು ಒಂದು ಬಗೆಯ ಪಾಲಿಸಿಯಲ್ಲಿ ತರ್ಕಬದ್ಧವೇ. ಆದರೆ ಆ ಬಗೆಯಲ್ಲಿ ಪರಿಹಾರದಿಂದಲೂ ಸವಕಳಿಯನ್ನು ಕಳೆಯುತ್ತಾರೆ. ಇಪ್ಪತ್ತು ವರ್ಷದ ಕೇಬಲ್ಲಿಗೆ ಇಪ್ಪತ್ತು ವರ್ಷದ ಸವಕಳಿ ಕಳೆದು ಹಣ ಕೊಟ್ಟರೆ, ಹೊಸ ಕೇಬಲ್ಲನ್ನು ಹಳೆಯದರ ಬೆಲೆಗೆ ಎಸ್.ಪಿ. ರಸ್ತೆಯಲ್ಲಿ ಯಾರೂ ಮಾರುವುದಿಲ್ಲ. ಆದಕಾರಣ ಪುನರ್ನಿರ್ಮಾಣದ ವೆಚ್ಚವನ್ನೇ ಆಧಾರವಾಗಿ ಹಿಡಿಯುವ ರೀಇನ್‌ಸ್ಟೇಟ್‌ಮೆಂಟ್ ಷರತ್ತು ಪಾಲಿಸಿಯಲ್ಲಿ ಇದೆಯೇ ಎಂದು ನೋಡಬೇಕು. ಅದಿದ್ದಲ್ಲಿ ಹೊಸದಕ್ಕೆ ಹೊಸದರ ಬೆಲೆ ದೊರೆಯುತ್ತದೆ. ಪ್ರತಿಯಾಗಿ ವಿಮಾ ಮೊತ್ತವೂ ಹೊಸದಾಗಿ ಕಟ್ಟುವ ವೆಚ್ಚಕ್ಕೆ ಸಮನಾಗಿರಬೇಕು, ದುರಸ್ತಿಯನ್ನು ಸಾಮಾನ್ಯವಾಗಿ ಹನ್ನೆರಡು ತಿಂಗಳೊಳಗೆ ಮುಗಿಸಬೇಕು, ಮತ್ತು ಖರ್ಚು ಮಾಡಿ ತೋರಿಸುವವರೆಗೆ ಕಂಪನಿಯು ಸವಕಳಿ ಕಳೆದ ಮೊತ್ತಕ್ಕಿಂತ ಹೆಚ್ಚನ್ನು ಕೊಡಲು ಬದ್ಧವಲ್ಲ. ಈ ಕಡೆಯ ಸಂಗತಿಯಿಂದಾಗಿ ಅಸೋಸಿಯೇಷನ್ನಿನ ನಿಧಿಯಲ್ಲಿ ಕೈಗಡವಾಗಿ ಬಳಸಲು ಸ್ವಲ್ಪ ಹಣವಿರುವುದು ಅಗತ್ಯ.

ಹೊಸ ಅಂಕಿಯನ್ನು ಸೆಕ್ರೆಟರಿಯವರು ತಾವೇ ಅಂದಾಜು ಮಾಡಬಾರದು. ಅರ್ಹತೆಯುಳ್ಳ ಸಿವಿಲ್ ಎಂಜಿನಿಯರರೊಬ್ಬರು ವಿಸ್ತೀರ್ಣವನ್ನು ನಕ್ಷೆಯೊಡನೆ ತಾಳೆ ನೋಡಿ, ದರವನ್ನು ಲೋಕೋಪಯೋಗಿ ಇಲಾಖೆಯ ದರಪಟ್ಟಿಯೊಡನೆಯೂ ಬಡಾವಣೆಯ ಗುತ್ತಿಗೆದಾರರು ಈಗ ಕೇಳುತ್ತಿರುವ ದರದೊಡನೆಯೂ ಹೋಲಿಸಿ, ಗುತ್ತಿಗೆದಾರರ ಬಿಲ್ಲಿನ ಮೇಲೆ ಬೀಳುವ ಜಿಎಸ್‌ಟಿಯನ್ನು ಮರೆಯದೆ ಸೇರಿಸಿ, ಸಹಿಮಾಡಿಕೊಟ್ಟ ಎರಡು ಪುಟಗಳ ವರದಿಯು ಸಭೆಯಲ್ಲಿ ವಾದವನ್ನು ಮುಗಿಸುತ್ತದೆ. ಕ್ಲೇಮಿನ ದಿನದಂದು ಸರ್ವೇಯರ ಎದುರಿನಲ್ಲಿಯೂ ಅದಕ್ಕೆ ಬೆಲೆಯುಂಟು. ಮನೆಯ ಮಾಲೀಕರು ತಾವಾಗಿ ಹಾಕಿಸಿಕೊಂಡ ಮಾಡ್ಯುಲರ್ ಅಡಿಗೆಮನೆ, ವಾರ್ಡ್‌ರೋಬು, ಹೊಸ ನೆಲಹಾಸುಗಳು ಈ 12 ಕೋಟಿಯಲ್ಲಿ ಸೇರಿವೆಯೋ, ಬಿಲ್ಡರು ಒಪ್ಪಿಸಿದ ಸ್ಥಿತಿಯವರೆಗೆ ಮಾತ್ರವೋ ಎಂಬುದನ್ನು ಆ ವರದಿಯಲ್ಲಿ ಒಂದು ವಾಕ್ಯ ಸ್ಪಷ್ಟಪಡಿಸಿರಬೇಕು. ಎರಡನೆಯ ರೀತಿಯೇ ಹೆಚ್ಚು ನ್ಯಾಯವಾದದ್ದು. ಒಳಗಿನ ಅಲಂಕಾರಕ್ಕೆ ಆಯಾ ಮಾಲೀಕರು ಪ್ರತ್ಯೇಕ ಪಾಲಿಸಿ ಮಾಡಿಸಿಕೊಳ್ಳಲಿ.

ಕತ್ರಿಗುಪ್ಪೆಯ ಮಟ್ಟಿಗೆ ನೀರಿನ ಮಾತನ್ನು ಬಿಡುವಂತಿಲ್ಲ. ಇಲ್ಲಿಂದ ಪಶ್ಚಿಮಕ್ಕೆ ನೆಲವು ಹೊಸಕೆರೆಹಳ್ಳಿಯ ಕಡೆಗೆ ಇಳಿಯುತ್ತದೆ. 2020ರ ಅಕ್ಟೋಬರ್ 23ರ ಸಂಜೆ ಸುರಿದ ಮಳೆಯಲ್ಲಿ ಹೊಸಕೆರೆಹಳ್ಳಿಯ ದತ್ತಾತ್ರೇಯ ನಗರದ ಮನೆಗಳಿಗೆ ರಾಜಕಾಲುವೆಯ ನೀರು ನುಗ್ಗಿ, ವಾಹನಗಳು ತೇಲಿಹೋದುದನ್ನು ಈ ಭಾಗದವರು ಮರೆತಿರಲಾರರು. ಪ್ರವಾಹವು ಬೆಂಕಿ ಪಾಲಿಸಿಯ ವ್ಯಾಪ್ತಿಯಲ್ಲಿ ಸಾಮಾನ್ಯವಾಗಿ ಸೇರಿಯೇ ಇರುತ್ತದೆ. ಆದರೆ ಅಪಾರ್ಟ್‌ಮೆಂಟಿನಲ್ಲಿ ನೀರು ನಾಶಮಾಡುವುದು ಮೇಲಿನ ಮನೆಗಳನ್ನಲ್ಲ. ತಗ್ಗಿನಲ್ಲಿರುವ ಪಂಪು, ಲಿಫ್ಟಿನ ಗುಂಡಿ, ಜನರೇಟರು, ವಿದ್ಯುತ್ ಫಲಕ, ಆವರಣದ ಗೋಡೆ ಇವುಗಳನ್ನು. 2014ರ ಲೆಕ್ಕದಲ್ಲಿ ಬಿಟ್ಟುಹೋದ ಪದಾರ್ಥಗಳೂ ಇವೇ. ವಿಮಾ ಮೊತ್ತವನ್ನು ಹೆಚ್ಚಿಸುವುದೆಂದರೆ ದರವನ್ನು ಏರಿಸುವುದಷ್ಟೇ ಅಲ್ಲದೆ, ಈ ಪದಾರ್ಥಗಳನ್ನು ಹೆಸರು ಹಿಡಿದು ಪಟ್ಟಿಗೆ ಸೇರಿಸುವುದೂ ಆಗಿದೆ.

ಹೆಚ್ಚಿದ ಮೊತ್ತದಿಂದಲೂ ದೊರೆಯದ ಪರಿಹಾರಗಳಿವೆ. ಒಪ್ಪಿಗೆ ಕೇಳುವವರು ಅದನ್ನೂ ಹೇಳಿಬಿಡುವುದು ಪ್ರಾಮಾಣಿಕತೆ. 2021ರ ಅಕ್ಟೋಬರಿನಲ್ಲಿ ಕಸ್ತೂರಿನಗರದ ವಸತಿ ಕಟ್ಟಡವೊಂದು ವಾಲಿ ಕುಸಿಯಿತು. ನಿವಾಸಿಗಳು ಮೊದಲೇ ಹೊರಬಂದಿದ್ದರಿಂದ ಪ್ರಾಣಹಾನಿಯಾಗಲಿಲ್ಲ. ಅಂಥ ಸಂದರ್ಭದಲ್ಲಿ ಕುಸಿತಕ್ಕೆ ಕಾರಣ ದೋಷಯುಕ್ತ ವಿನ್ಯಾಸವೋ ಕಳಪೆ ಕಾಮಗಾರಿಯೋ ಎಂದು ಕಂಡುಬಂದರೆ, ಭೂಕುಸಿತಕ್ಕೆ ರಕ್ಷಣೆ ಕೊಡುವ ಪಾಲಿಸಿಯೂ ಅದನ್ನು ಹೊರಗಿಡುತ್ತದೆ. ತಾರಸಿಯ ಸೋರಿಕೆ, ಗೋಡೆಯ ಸಾಮಾನ್ಯ ಬಿರುಕು, ಲಿಫ್ಟಿನ ಯಾಂತ್ರಿಕ ಕೆಡುಕು ಇವೂ ಅದರಲ್ಲಿಲ್ಲ. ಶಾರ್ಟ್ ಸರ್ಕ್ಯೂಟಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ: ಕಿಡಿ ಹುಟ್ಟಿದ ಸ್ವಿಚ್ಚಿಗೆ ಅಥವಾ ಯಂತ್ರಕ್ಕೆ ವಿದ್ಯುದ್ದೋಷದಿಂದಾದ ಹಾನಿಗೆ ಪರಿಹಾರವಿಲ್ಲ, ಅಲ್ಲಿಂದ ಹರಡಿದ ಬೆಂಕಿಯಿಂದ ಸುಟ್ಟ ಮಿಕ್ಕೆಲ್ಲಕ್ಕೂ ಉಂಟು. ಮೇಲಿನ 18 ಲಕ್ಷವು ಅಂಥ ಸ್ವಿಚ್ಚನ್ನು ಬಿಟ್ಟು ಎಣಿಸಿದ ಮೊತ್ತ.

ಇಷ್ಟಕ್ಕೆ ಬೀಳುವ ವೆಚ್ಚವೆಷ್ಟು? 2007ರ ಜನವರಿಯಿಂದ ಬೆಂಕಿವಿಮೆಯ ದರಗಳು ಏಕರೂಪದ ಸುಂಕಪಟ್ಟಿಯಿಂದ ಬಿಡುಗಡೆ ಹೊಂದಿರುವುದರಿಂದ ಎರಡು ಮೂರು ಕಂಪನಿಗಳ ದರಗಳನ್ನು ತರಿಸಿ ನೋಡಬೇಕು. ಸಾವಿರಕ್ಕೆ 30 ಪೈಸೆಯೆಂದು ಇಟ್ಟುಕೊಂಡರೆ ಆರು ಕೋಟಿಗೆ 18,000, ಹನ್ನೆರಡು ಕೋಟಿಗೆ 36,000. ನೂರಕ್ಕೆ 18ರ ಜಿಎಸ್‌ಟಿ ಸೇರಿ ವ್ಯತ್ಯಾಸ 21,240 ರೂಪಾಯಿ. ಸರಾಸರಿ ಮನೆಗೆ ವರ್ಷಕ್ಕೆ 664 ರೂಪಾಯಿ. ಒಂದೇ ಒಂದು ಮೀಟರ್ ಬೋರ್ಡಿನ ಬೆಂಕಿಯಲ್ಲಿ ಮನೆಯೊಂದು ಕೈಯಿಂದ ತೆರಬೇಕಾಗಿದ್ದ 28,125 ರೂಪಾಯಿಯು ಈ ವ್ಯತ್ಯಾಸದ ನಲವತ್ತು ವರ್ಷಗಳ ಕಂತಿಗೂ ಮಿಕ್ಕಿದ್ದೆಂಬುದನ್ನು ಸದಸ್ಯರು ತಾವೇ ಗುಣಿಸಿ ನೋಡಬಹುದು.

ಹಂಚಿಕೆಯ ವಿಚಾರದಲ್ಲಿ ಕಾಯಿದೆ ದಾರಿ ತೋರಿದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಷಿಪ್ ಕಾಯಿದೆಗೆ ಒಳಪಟ್ಟ ಕಟ್ಟಡಗಳಲ್ಲಿ ವಿಮೆಯ ಪ್ರೀಮಿಯಂ ಸಾಮಾನ್ಯ ವೆಚ್ಚ. ಡೀಡ್ ಆಫ್ ಡಿಕ್ಲರೇಷನ್ನಿನಲ್ಲಿ ಪ್ರತಿ ಮನೆಗೆ ಬರೆದಿರುವ ಶೇಕಡಾವಾರು ಪಾಲಿನಂತೆ ಅದು ಹಂಚಿಹೋಗುತ್ತದೆ. ಪಾಲಿಸಿಯು ಆಡಳಿತ ಮಂಡಳಿಯ ಹೆಸರಿನಲ್ಲಿದ್ದರೂ ಅದು ಎಲ್ಲ ಮಾಲೀಕರ ಪರವಾಗಿ ವಿಶ್ವಸ್ತನ ಸ್ಥಾನದಲ್ಲಿ ಹಿಡಿದದ್ದು. ಮಾಲೀಕನು ತನ್ನ ಮನೆಗೆ ಬೇರೆ ವಿಮೆ ಮಾಡಿಸುವ ಹಕ್ಕಿಗೆ ಇದರಿಂದ ಬಾಧೆಯಿಲ್ಲ. ಅದೇ ಕಾಯಿದೆಯಲ್ಲಿ ಇನ್ನೊಂದು ಗಂಭೀರವಾದ ಏರ್ಪಾಡಿದೆ: ಕಟ್ಟಡಕ್ಕೆ ನಾಶವೊದಗಿದ ಅರುವತ್ತು ದಿನಗಳೊಳಗೆ ದುರಸ್ತಿ ಮಾಡುವ ಅಥವಾ ಪುನಃ ಕಟ್ಟುವ ನಿರ್ಧಾರವನ್ನು ಮಾಲೀಕರ ಸಂಘವು ಕೈಗೊಳ್ಳದಿದ್ದರೆ, ಸ್ವತ್ತು ಎಲ್ಲರ ಅವಿಭಕ್ತ ಒಡೆತನಕ್ಕೆ ಸೇರಿದ್ದೆಂದು ಭಾವಿಸಲ್ಪಡುತ್ತದೆ, ಅಲ್ಲಿಂದ ಮುಂದೆ ಅದನ್ನು ವಿಭಾಗಿಸಿ ಮಾರುವ ದಾವೆಗೆ ದಾರಿ ತೆರೆಯುತ್ತದೆ. ಮನೆ ಕಳೆದುಕೊಂಡ ಮೂವತ್ತೆರಡು ಸಂಸಾರಗಳು ಎರಡು ತಿಂಗಳೊಳಗೆ 'ಕಟ್ಟುತ್ತೇವೆ' ಎಂದು ಹೇಳಬಲ್ಲವೋ ಇಲ್ಲವೋ ಎಂಬುದು, ಪಾಲಿಸಿಯಲ್ಲಿರುವ ಅಂಕಿಯು ಕಟ್ಟಲು ಸಾಲುವುದೋ ಇಲ್ಲವೋ ಎಂಬುದರ ಮೇಲೆಯೇ ಬಹುಮಟ್ಟಿಗೆ ನಿಂತಿರುತ್ತದೆ.

ಇವೆಲ್ಲವನ್ನು ಮನಸ್ಸಿನಲ್ಲಿಟ್ಟು ಪತ್ರವನ್ನು ಹೀಗೆ ಬರೆಯಬಹುದು:

"ಮಾನ್ಯ ಸದಸ್ಯರಲ್ಲಿ ವಿಜ್ಞಾಪನೆ. ನಮ್ಮ ಕಟ್ಟಡದ ವಿಮಾ ಪಾಲಿಸಿಯು ಬರುವ ತಿಂಗಳು ನವೀಕರಣಕ್ಕೆ ಬರುತ್ತದೆ. ಈಗಿನ ವಿಮಾ ಮೊತ್ತ 6 ಕೋಟಿ ರೂಪಾಯಿ. ಇದು 2014ರ ದರದಲ್ಲಿ, ಮನೆಗಳ ಭಾಗಕ್ಕೆ ಮಾತ್ರ ಲೆಕ್ಕಹಾಕಿದ್ದು. ಸಮಿತಿಯು ಎಂಜಿನಿಯರರಿಂದ ಪಡೆದ ವರದಿಯಂತೆ ಕಟ್ಟಡವನ್ನು ಇಂದು ಪುನಃ ಕಟ್ಟಲು ಬೇಕಾಗುವ ವೆಚ್ಚ, ನೆಲದ ಬೆಲೆಯನ್ನು ಬಿಟ್ಟು, 12 ಕೋಟಿ. ವರದಿಯನ್ನು ಇದರೊಡನೆ ಲಗತ್ತಿಸಿದೆ.

ನಮ್ಮ ಪಾಲಿಸಿಯ ಷರತ್ತಿನಂತೆ, ಮೊತ್ತವು ಬೆಲೆಗಿಂತ ಕಡಿಮೆಯಿದ್ದಾಗ ಪ್ರತಿಯೊಂದು ನಷ್ಟಕ್ಕೂ, ಅದು ಸಣ್ಣದಾಗಿದ್ದರೂ, ಅದೇ ಅನುಪಾತದಲ್ಲಿ ಪರಿಹಾರ ಕಡಿತವಾಗುತ್ತದೆ. ಈಗಿನ ಸ್ಥಿತಿಯಲ್ಲಿ 18 ಲಕ್ಷದ ನಷ್ಟಕ್ಕೆ 9 ಲಕ್ಷ ಮಾತ್ರ ದೊರೆಯುತ್ತದೆ; ಮಿಕ್ಕದ್ದನ್ನು ನಾವು ವಿಶೇಷ ವಂತಿಗೆಯಾಗಿ ಕೂಡಿಸಬೇಕಾಗುತ್ತದೆ. ಮೊತ್ತವನ್ನು 12 ಕೋಟಿಗೆ ಏರಿಸಲು ತಗಲುವ ಅಧಿಕ ಪ್ರೀಮಿಯಂ ಜಿಎಸ್‌ಟಿ ಸೇರಿ 21,240 ರೂಪಾಯಿ. ವಿಸ್ತೀರ್ಣದ ಪಾಲಿನಂತೆ 1,000 ಚದರ ಅಡಿಯ ಮನೆಗೆ ವರ್ಷಕ್ಕೆ 531 ರೂಪಾಯಿ, 1,500 ಚದರ ಅಡಿಯ ಮನೆಗೆ 797 ರೂಪಾಯಿ. ಮನೆಯೊಳಗಿನ ಸಾಮಾನು ಮತ್ತು ನೀವು ಮಾಡಿಸಿಕೊಂಡ ಒಳಾಂಗಣಕ್ಕೆ ಈ ಪಾಲಿಸಿ ಅನ್ವಯಿಸುವುದಿಲ್ಲ. ಕಾಮಗಾರಿಯ ದೋಷ, ಸೋರಿಕೆ, ಯಂತ್ರಗಳ ಕೆಡುಕಿಗೂ ಅನ್ವಯಿಸುವುದಿಲ್ಲ.

ಸಭೆಯ ಮುಂದಿಡುವ ನಿರ್ಣಯ: ಕಟ್ಟಡದ ವಿಮಾ ಮೊತ್ತವನ್ನು ಪುನರ್ನಿರ್ಮಾಣ ವೆಚ್ಚದ ಆಧಾರದ ಮೇಲೆ 12 ಕೋಟಿ ರೂಪಾಯಿಗೆ ಹೆಚ್ಚಿಸತಕ್ಕದ್ದು, ವಾಹನ ನಿಲುಗಡೆ, ಲಿಫ್ಟುಗಳು, ಜನರೇಟರು, ವಿದ್ಯುತ್ ಫಲಕಗಳು, ಪಂಪುಗಳು, ಸಂಪು ಮತ್ತು ಆವರಣದ ಗೋಡೆಗಳನ್ನು ಪಾಲಿಸಿಯ ಪಟ್ಟಿಯಲ್ಲಿ ಸೇರಿಸತಕ್ಕದ್ದು, ಮೂರು ವರ್ಷಕ್ಕೊಮ್ಮೆ ಹೊಸ ವರದಿ ಪಡೆಯತಕ್ಕದ್ದು, ನಡುವಿನ ವರ್ಷಗಳಲ್ಲಿ ಕಟ್ಟೋಣದ ದರ ಏರಿದಷ್ಟು ಮೊತ್ತವನ್ನು ಏರಿಸಲು ಸಮಿತಿಗೆ ಅಧಿಕಾರವಿರತಕ್ಕದ್ದು."

ನಿರ್ಣಯದ ಕೊನೆಯ ಮಾತಿಗೆ ಕಾರಣವಿದೆ. ಪ್ರತಿ ವರ್ಷವೂ ಸಭೆಯ ಒಪ್ಪಿಗೆಗಾಗಿ ಕಾಯುವಂತಾದರೆ 12 ಕೋಟಿಯೂ ಕೆಲವೇ ವರ್ಷಗಳಲ್ಲಿ ಹಿಂದಿನ ಆರು ಕೋಟಿಯ ಗತಿಗೆ ಬರುತ್ತದೆ. ಪಾಲಿಸಿಯ ಅವಧಿಯೊಳಗೇ ಆಗುವ ಏರಿಕೆಗೆ ಎಸ್ಕಲೇಷನ್ ಷರತ್ತೆಂಬುದೊಂದುಂಟು. ಹಳೆಯ ಸುಂಕಪಟ್ಟಿಯ ಕಾಲದಿಂದ ಅದು ನೂರಕ್ಕೆ 25ರವರೆಗೆ, ಹೆಚ್ಚುವರಿ ಭಾಗಕ್ಕೆ ಅರ್ಧ ದರದಲ್ಲಿ ದೊರೆಯುತ್ತ ಬಂದಿದೆ. ಕಂಪನಿಯನ್ನು ಕೇಳಿ ಬರೆಸಿಕೊಳ್ಳಬಹುದು. ನವೀಕರಣ ದೂರವಿದ್ದರೆ ಅದರವರೆಗೆ ಕಾಯಬೇಕಾಗಿಲ್ಲ. ಉಳಿದ ತಿಂಗಳುಗಳಿಗೆ ಮಾತ್ರ ಪ್ರೀಮಿಯಂ ತೆತ್ತು ನಡುವರ್ಷದಲ್ಲಿಯೇ ಎಂಡಾರ್ಸ್‌ಮೆಂಟಿನ ಮೂಲಕ ಮೊತ್ತವನ್ನು ಏರಿಸಬಹುದು. ಸಭೆಯ ನಿರ್ಣಯದಿಂದಾಗಲಿ, ಏಜೆಂಟರ ಬಾಯಿಮಾತಿನಿಂದಾಗಲಿ ಮೊತ್ತ ಏರುವುದಿಲ್ಲ. ಆ ಎಂಡಾರ್ಸ್‌ಮೆಂಟು ಕೈಗೆ ಬಂದಾಗ ಅದರಲ್ಲಿಯ ವಿಮಾ ಮೊತ್ತ, ಪದಾರ್ಥಗಳ ಪಟ್ಟಿ, ರೀಇನ್‌ಸ್ಟೇಟ್‌ಮೆಂಟ್ ಷರತ್ತು, ಜಾರಿಗೆ ಬರುವ ದಿನಾಂಕ ಇವುಗಳನ್ನು ಸೆಕ್ರೆಟರಿಯವರೂ ಖಜಾಂಚಿಯವರೂ ಜೊತೆಯಾಗಿ ಕೂತು ಓದಿ, ಅದರ ಒಂದು ಪ್ರತಿಯನ್ನು ಎಲ್ಲ ಮನೆಗಳಿಗೂ ಕಳುಹಿಸಿಕೊಡಬೇಕು.